ಖಾತೆಗೊಂದು ಲಿಂಗ, ಶಾಖೆಗೊಂದು ಲಿಂಗ

ದಾವಣಗೆರೆಯ ಎಸ್.ಎಸ್. ಬಡಾವಣೆಯ ಒಂದು ಮನೆಯ ಜಗಲಿಯಲ್ಲಿ ನಡೆದ ಮಾತು ಇದು. ಒಬ್ಬರು ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ನಿವೃತ್ತರಾದ ಮೇಷ್ಟ್ರು. ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳನ್ನು ಒಂದೊಂದಾಗಿ ಕಟ್ಟಿ ‘ಪ್ರವೀಣ’ದವರೆಗೆ ಹೋದವರು. ಇನ್ನೊಬ್ಬರು ಅದೇ ಬಡಾವಣೆಯ ಯುವತಿ. ಬ್ಯಾಂಕಿನಲ್ಲಿ ಅಧಿಕಾರಿಯಾಗಿ ಆಯ್ಕೆಯಾಗಿ ಭೋಪಾಲಿನ ಶಾಖೆಯೊಂದಕ್ಕೆ ಹೋಗುವವರು. ಮೇಷ್ಟ್ರಿಗೆ ನಿಯಮದ ಮೇಲೆ ನಂಬಿಕೆ, ಯುವತಿಗೆ ಕಿವಿಯ ಮೇಲೆ. ಇಬ್ಬರ ಮಾತಿನಲ್ಲೂ ಹುರುಳಿದ್ದದ್ದರಿಂದ ಬರೆದಿಟ್ಟಿದ್ದೇನೆ.

ಯುವತಿ: ಸರ್, ಹತ್ತನೇ ಕ್ಲಾಸಿನ ತನಕ ಹಿಂದಿ ಓದಿದೀನಿ, ಒಳ್ಳೆ ಅಂಕನೂ ಬಂದಿದೆ. ಆದರೆ ‘ಮೇಜ್’ ಯಾಕೆ ಹೆಣ್ಣು, ‘ಕಮರಾ’ ಯಾಕೆ ಗಂಡು ಅಂತ ಕೇಳಿದರೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ. ಪರೀಕ್ಷೆಯಲ್ಲಿ ‘ಅನ್ಯಲಿಂಗ್ ಲಿಖಿಏ’ ಅಂತ ಬರೋದು. ಘೋಡಾ–ಘೋಡೀ, ಶೇರ್–ಶೇರ್ನೀ ಅಂತ ಬರೆದು ಮುಗಿಸ್ತಿದ್ವಿ. ಬ್ಯಾಂಕಿನ ಕೌಂಟರಿನಲ್ಲಿ ಕುದುರೆಯೂ ಇಲ್ಲ, ಸಿಂಹವೂ ಇಲ್ಲ. ಅಲ್ಲಿರೋದು ಖಾತಾ, ರಸೀದ್, ಫಾರ್ಮ್, ಚೆಕ್.

ಮೇಷ್ಟ್ರು: ಸರಿಯಾಗಿ ಹಿಡಿದೆ ನೋಡಮ್ಮ. ಜೀವ ಇರೋದರ ಲಿಂಗದಲ್ಲಿ ನಮಗೆ ತೊಂದರೆನೇ ಇಲ್ಲ. ಕನ್ನಡದಲ್ಲಿ ಲಿಂಗ ಅನ್ನೋದು ಅರ್ಥದಿಂದ ಬರುತ್ತೆ. ಗಂಡಸಾದರೆ ‘ಬಂದನು’, ಹೆಂಗಸಾದರೆ ‘ಬಂದಳು’, ಉಳಿದದ್ದಕ್ಕೆಲ್ಲ ‘ಬಂದಿತು’. ಕಲ್ಲು, ಮೇಜು, ಖಾತೆ, ಮಳೆ ಎಲ್ಲವೂ ಆ ‘ಬಂದಿತು’ ಒಳಗೆ ಹೋಗಿಬಿಡ್ತವೆ. ಹಿಂದಿಯಲ್ಲಿ ಆ ಮೂರನೇ ಮನೆಯೇ ಇಲ್ಲ. ಕಲ್ಲೂ ಮಳೆಯೂ ಅಲ್ಲಿ ಗಂಡೋ ಹೆಣ್ಣೋ ಆಗಲೇಬೇಕು. ಅಲ್ಲಿ ಅರ್ಥ ಕೈಕೊಡುತ್ತೆ. ಆಗ ನೋಡಬೇಕಾದ್ದು ಶಬ್ದದ ಬಾಲ.

ಯುವತಿ: ಸಂಸ್ಕೃತದಲ್ಲಿ ನಪುಂಸಕ ಇತ್ತಲ್ಲ ಸರ್. ಹಿಂದಿಗೆ ಬರೋವಾಗ ಅದು ಎಲ್ಲಿ ಹೋಯ್ತು?

ಮೇಷ್ಟ್ರು: ಬಹುಪಾಲು ಪುಲ್ಲಿಂಗದೊಳಗೆ ಕರಗಿಹೋಯ್ತು. ಫಲ, ಜಲ, ನಗರ, ಧನ ಇವೆಲ್ಲ ಸಂಸ್ಕೃತದಲ್ಲಿ ನಪುಂಸಕ, ಹಿಂದಿಯಲ್ಲಿ ಪುಲ್ಲಿಂಗ. ಮರಾಠಿ, ಗುಜರಾತಿ ಇವತ್ತಿಗೂ ಮೂರು ಲಿಂಗ ಇಟ್ಟುಕೊಂಡಿವೆ, ಹಿಂದಿ ಎರಡಕ್ಕೆ ಇಳಿಯಿತು. ಆದರೆ ಎಲ್ಲವೂ ಪುಲ್ಲಿಂಗಕ್ಕೇ ಹೋಗಲಿಲ್ಲ. ಪುಸ್ತಕ ಸಂಸ್ಕೃತದಲ್ಲಿ ನಪುಂಸಕ, ಹಿಂದಿಯಲ್ಲಿ ಸ್ತ್ರೀಲಿಂಗ.

ಯುವತಿ: ಅಲ್ಲಿಗೆ ನಿಮ್ಮ ನಿಯಮ ಹುಟ್ಟುವಾಗಲೇ ಕುಂಟಿತು.

ಮೇಷ್ಟ್ರು: ಕುಂಟಲಿ. ಕುಂಟುತ್ತಾ ಎಷ್ಟು ದೂರ ಹೋಗುತ್ತೆ ಅಂತ ನೋಡೋಣ. ಮೊದಲು ಒಂದು ಊಹೆ ಸರಿಯಾದರೆ ಎಷ್ಟು ಉಳಿಯುತ್ತೆ ಅಂತ ಹೇಳ್ತೀನಿ. ‘ನನ್ನ ಹೊಸ ಚಾವಿ ಕಳೆದುಹೋಯ್ತು’ ಅನ್ನು. ಕನ್ನಡದಲ್ಲಿ ಲಿಂಗ ಎಲ್ಲಿ ಕಾಣುತ್ತೆ?

ಯುವತಿ: ಕೊನೆಯ ‘ಹೋಯ್ತು’ವಿನಲ್ಲಿ ಮಾತ್ರ.

ಮೇಷ್ಟ್ರು: ಹಿಂದಿಯಲ್ಲಿ ‘ಮೇರೀ ನಯೀ ಚಾಬೀ ಖೋ ಗಯೀ’. ‘ನನ್ನ’ ಬದಲಾಯ್ತು, ‘ಹೊಸ’ ಬದಲಾಯ್ತು, ಕ್ರಿಯಾಪದನೂ ಬದಲಾಯ್ತು. ಚಾಬೀ ಪುಲ್ಲಿಂಗ ಅಂದುಕೊಂಡರೆ ‘ಮೇರಾ ನಯಾ ಚಾಬೀ ಖೋ ಗಯಾ’. ತಪ್ಪು ಊಹೆ ಒಂದು, ತಪ್ಪು ಕೇಳಿಸೋದು ಮೂರು ಕಡೆ. ಚಾಬೀ ಅನ್ನೋದರ ಕೊನೆಯ ‘ಈ’ ನೋಡಿ ಸ್ತ್ರೀಲಿಂಗ ಅಂತ ಅಂದಾಜು ಮಾಡಿದರೆ ಮೂರೂ ಒಟ್ಟಿಗೆ ಸರಿಹೋಗ್ತವೆ.

ಯುವತಿ: ‘ಆ’ ಬಂದರೆ ಗಂಡು, ‘ಈ’ ಬಂದರೆ ಹೆಣ್ಣು. ಇದು ಎಲ್ಲರಿಗೂ ಗೊತ್ತು ಸರ್. ಹಾಗಾದರೆ ಪಾನೀ? ಘೀ? ಮೋತೀ? ‘ಈ’ ಇದ್ದೂ ಮೂರೂ ಪುಲ್ಲಿಂಗ. ಭಾಷಾ, ಯಾತ್ರಾ, ಪರೀಕ್ಷಾ? ‘ಆ’ ಇದ್ದೂ ಸ್ತ್ರೀಲಿಂಗ. ಪಾನೀ, ಘೀ ಅಂಥವು ಬೆರಳೆಣಿಕೆ, ಬಾಯಿಪಾಠ ಮಾಡಬಹುದು. ಆದರೆ ‘ಆ’ ಬಾಲದ ಸ್ತ್ರೀಲಿಂಗ ಶಬ್ದ ನೂರಾರಿವೆ. ಅದಕ್ಕೇನು ಮಾಡ್ತೀರಿ?

ಈ ಪ್ರಶ್ನೆಗೆ ಮೇಷ್ಟ್ರು ಕೊಟ್ಟ ಉತ್ತರವನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಓದಿರಲಿಲ್ಲ. ಕನ್ನಡದವರಿಗೆ ಸಿಗುವ ಸೌಕರ್ಯ ಅದು. ಹಿಂದಿ ಪಾಠದಲ್ಲಿ ಕನ್ನಡವನ್ನು ಹೊರಗಿಡುವ ಅಭ್ಯಾಸದಿಂದಲೇ ಅದು ಕೈತಪ್ಪುತ್ತಿದೆ ಎಂದು ನನ್ನ ಅನಿಸಿಕೆ.

ಮೇಷ್ಟ್ರು: ಆ ಶಬ್ದಗಳನ್ನ ಕನ್ನಡದಲ್ಲಿ ಹೇಳು.

ಯುವತಿ: ಭಾಷೆ, ಯಾತ್ರೆ, ಪರೀಕ್ಷೆ.

ಮೇಷ್ಟ್ರು: ಕಮರಾ, ಕಪ್‌ಡಾ?

ಯುವತಿ: ಕೋಣೆ, ಬಟ್ಟೆ. ಅವು ಬೇರೆಯೇ ಶಬ್ದ.

ಮೇಷ್ಟ್ರು: ಅಷ್ಟೇ ವಿಷಯ. ಸಂಸ್ಕೃತದ ಆಕಾರಾಂತ ಸ್ತ್ರೀಲಿಂಗ ಶಬ್ದಗಳನ್ನ ಕನ್ನಡ ತನ್ನದಾಗಿ ಮಾಡಿಕೊಂಡಾಗ ಕೊನೆಯ ‘ಆ’ ತೆಗೆದು ‘ಎ’ ಇಟ್ಟುಕೊಂಡಿತು. ಮಾಲಾ ಮಾಲೆ ಆಯ್ತು, ಕಥಾ ಕಥೆ ಆಯ್ತು, ಸೇವಾ ಸೇವೆ, ಸಭಾ ಸಭೆ, ಪೂಜಾ ಪೂಜೆ, ಇಚ್ಛಾ ಇಚ್ಛೆ, ಘಟನಾ ಘಟನೆ. ಹಿಂದಿ ಆ ‘ಆ’ಯನ್ನ ಹಾಗೇ ಇಟ್ಟುಕೊಂಡಿತು, ಜೊತೆಗೆ ಸ್ತ್ರೀಲಿಂಗವನ್ನೂ. ಅಂದಮೇಲೆ ಹಿಂದಿಯಲ್ಲಿ ‘ಆ’ ಬಾಲದ ಶಬ್ದ ಸಿಕ್ಕಿ, ಕನ್ನಡದಲ್ಲಿ ಅದೇ ಶಬ್ದ ‘ಎ’ ಬಾಲದಲ್ಲಿದ್ದರೆ, ಅದು ಸ್ತ್ರೀಲಿಂಗ. ಉತ್ತರದ ಹುಡುಗರಿಗೆ ಈ ಗುರುತು ಇಲ್ಲ, ನಿನಗೆ ಹುಟ್ಟಿನಿಂದ ಬಂದಿದೆ.

ಯುವತಿ: ಹಾಗಾದರೆ ಬ್ಯಾಂಕಿನ ಶಬ್ದಕ್ಕೆ ಹಚ್ಚಿ ನೋಡ್ತೀನಿ. ಶಾಖೆ, ಶಾಖಾ. ‘ಹಮಾರೀ ಶಾಖಾ’. ಸ್ತ್ರೀಲಿಂಗ, ಸರಿ. ಇನ್ನು ಖಾತೆ, ಖಾತಾ. ನಿಮ್ಮ ಲೆಕ್ಕದಲ್ಲಿ ‘ಆಪ್‌ಕೀ ಖಾತಾ’ ಆಗಬೇಕು. ಆದರೆ ನನಗೆ ಗೊತ್ತಿರೋ ಹಾಗೆ ಎಲ್ಲರೂ ‘ಆಪ್‌ಕಾ ಖಾತಾ’ ಅಂತಾರೆ.

ಮೇಷ್ಟ್ರು: ‘ಆಪ್‌ಕಾ ಖಾತಾ’ನೇ ಸರಿ.

ಯುವತಿ: ನೋಡಿದ್ರಾ? ಖಾತೆ ಒಂದೇ ಅಲ್ಲ. ಕಾರ್ಖಾನೆ, ಜಿಲ್ಲೆ, ಮಸಾಲೆ, ಖಜಾನೆ, ನಮೂನೆ, ನಕ್ಷೆ, ಠಾಣೆ. ಕನ್ನಡದಲ್ಲಿ ಎಲ್ಲವೂ ‘ಎ’. ಹಿಂದಿಯಲ್ಲಿ ಕಾರ್‌ಖಾನಾ, ಜಿಲಾ, ಮಸಾಲಾ, ಖಜಾನಾ, ನಮೂನಾ, ನಕ್ಷಾ, ಥಾನಾ, ಎಲ್ಲವೂ ಪುಲ್ಲಿಂಗ. ನಿಮ್ಮ ಗುರುತು ನಂಬಿ ಹೋದರೆ ‘ಹಮಾರೀ ಜಿಲಾ’ ಅಂತ ಹೇಳಿ ನಿಲ್ಲಬೇಕಾಗುತ್ತೆ.

ಮೇಷ್ಟ್ರು: ನೀನು ಹೇಳಿದ ಪಟ್ಟಿಯಲ್ಲಿ ಪೂಜೆಯ ಮನೆಯ ಶಬ್ದ ಒಂದಾದರೂ ಇದೆಯಾ? ಎಲ್ಲ ಕಚೇರಿ, ಪೇಟೆ, ಕೋರ್ಟಿನ ಶಬ್ದ. ಅದರಲ್ಲಿ ಬಹಳಷ್ಟು ಪಾರಸಿ, ಅರಬ್ಬಿ ಕಡೆಯಿಂದ ಬಂದದ್ದು. ಖಾತಾ, ಥಾನಾ ಅಂಥವು ಹಿಂದಿಯ ಸ್ವಂತ ದೇಸಿ ರೂಪ. ಅವಕ್ಕೆಲ್ಲ ‘ಆ’ ಬಂದರೆ ಪುಲ್ಲಿಂಗ ಅನ್ನೋ ಸಾಮಾನ್ಯ ನಿಯಮವೇ. ನಾನು ಹೇಳಿದ್ದು ಸಂಸ್ಕೃತ ಮೂಲದ ಶಬ್ದಕ್ಕೆ ಮಾತ್ರ. ಕನ್ನಡ ಎರಡಕ್ಕೂ ಒಂದೇ ‘ಎ’ ಹಚ್ಚಿತು. ಅದಕ್ಕೇ ಶಾಖೆಯೂ ಖಾತೆಯೂ ನಮ್ಮ ಕಿವಿಗೆ ಒಂದೇ ಥರ ಕೇಳಿಸ್ತವೆ.

ಯುವತಿ: ಅಂದರೆ ಕೌಂಟರಿನಲ್ಲಿ ಗ್ರಾಹಕರು ನಿಂತಿರೋವಾಗ ನಾನು ಶಬ್ದದ ಮೂಲ ಹುಡುಕ್ತಾ ಕೂರಬೇಕು. ಇದು ಸಂಸ್ಕೃತವೋ, ಪಾರಸಿಯೋ ಅಂತ.

ಮೇಷ್ಟ್ರು: ಬೇಡ. ಅದಕ್ಕೊಂದು ಸಣ್ಣ ಪರೀಕ್ಷೆ ಇದೆ. ಶಬ್ದದ ಮುಂದೆ ‘ಮೇಂ’ ಇಟ್ಟು ಹೇಳು. ‘ನಿಮ್ಮ ಖಾತೆಯಲ್ಲಿ ಹಣ ಬಂದಿದೆ’ ಅನ್ನೋದನ್ನ ಅಲ್ಲಿಯವರು ಹೇಗೆ ಹೇಳ್ತಾರೆ?

ಯುವತಿ: ‘ಪೈಸಾ ಆಪ್‌ಕೇ ಖಾತೇ ಮೇಂ ಆ ಗಯಾ ಹೈ’.

ಮೇಷ್ಟ್ರು: ‘ಖಾತಾ ಮೇಂ’ ಅನ್ನಲಿಲ್ಲ, ‘ಖಾತೇ ಮೇಂ’ ಅಂದೆ. ಇನ್ನು ‘ನಮ್ಮ ಶಾಖೆಗೆ ಬನ್ನಿ’?

ಯುವತಿ: ‘ಹಮಾರೀ ಶಾಖಾ ಮೇಂ ಆಇಏ’. ಶಾಖಾ ಹಾಗೇ ಉಳೀತು.

ಮೇಷ್ಟ್ರು: ಪುಲ್ಲಿಂಗದ ‘ಆ’ ಬಾಗುತ್ತೆ, ಸ್ತ್ರೀಲಿಂಗದ ‘ಆ’ ಬಾಗಲ್ಲ. ಜಿಲೇ ಮೇಂ, ಥಾನೇ ಮೇಂ, ಕಾರ್‌ಖಾನೇ ಮೇಂ. ಆದರೆ ಭಾಷಾ ಮೇಂ, ಯಾತ್ರಾ ಮೇಂ, ಪರೀಕ್ಷಾ ಮೇಂ. ಪಾರಸಿ, ಅರಬ್ಬಿಯಿಂದ ಬಂದ ಕೆಲವು ಸ್ತ್ರೀಲಿಂಗ ಶಬ್ದಗಳೂ ಹೀಗೇ ಸಿಕ್ಕಿಬೀಳ್ತವೆ. ಕೋರ್ಟಿನಲ್ಲಿ ‘ಜುರ್ಮಾನಾ ಹುಆ’, ‘ಸಜಾ ಹುಈ’ ಅಂತಾರೆ. ಜುರ್ಮಾನೇ ಅಂತ ಬಾಗುತ್ತೆ, ಸಜಾ ಬಾಗಲ್ಲ. ಹವಾ, ದವಾ, ದುನಿಯಾ ಕೂಡ ಬಾಗಲ್ಲ. ಕನ್ನಡವೂ ಅದನ್ನ ಗಮನಿಸಿದ ಹಾಗಿದೆ. ನಾವು ಜುಲ್ಮಾನೆ ಅಂತೀವಿ, ಆದರೆ ‘ಸಜೆ’ ಜೊತೆಗೆ ‘ಸಜಾ’ ಅನ್ನೋದನ್ನೂ ಉಳಿಸಿಕೊಂಡಿದೀವಿ.

ಯುವತಿ: ರಾಜಾ ಬಾಗಲ್ಲವಲ್ಲ ಸರ್? ಪಿತಾ ಬಾಗಲ್ಲ. ದೇವತಾ ಬಾಗಲ್ಲ.

ಮೇಷ್ಟ್ರು: ಅವು ಜೀವ ಇರೋವು, ಅರ್ಥವೇ ಲಿಂಗ ಹೇಳುತ್ತೆ. ಆದರೆ ದೇವತಾ ಒಂದನ್ನ ಬೇರೆ ಇಟ್ಟುಕೋ. ಕನ್ನಡದಲ್ಲಿ ದೇವತೆ ಅಂದ ಕೂಡಲೇ ಹೆಣ್ಣು ದೇವರು ಮನಸ್ಸಿಗೆ ಬರ್ತಾಳೆ. ಸಂಸ್ಕೃತದಲ್ಲೂ ಸ್ತ್ರೀಲಿಂಗವೇ. ಹಿಂದಿಯಲ್ಲಿ ದೇವತಾ ಪುಲ್ಲಿಂಗ, ಹೆಣ್ಣಿಗೆ ದೇವೀ. ಆತ್ಮಾ ಇದಕ್ಕೆ ತಿರುವು ಮುರುವು. ಸಂಸ್ಕೃತದಲ್ಲಿ ಪುಲ್ಲಿಂಗ, ಕನ್ನಡದಲ್ಲಿ ‘ಆತ್ಮ’, ಹಿಂದಿಯಲ್ಲಿ ಸ್ತ್ರೀಲಿಂಗ. ಅಗ್ನಿಯೂ ಹಾಗೇ. ವ್ಯಕ್ತಿ ಸಂಸ್ಕೃತದಲ್ಲಿ ಸ್ತ್ರೀಲಿಂಗ, ಹಿಂದಿಯಲ್ಲಿ ಪುಲ್ಲಿಂಗ. ಸಂಸ್ಕೃತ ಚೆನ್ನಾಗಿ ಓದಿದವರೇ ಇವುಗಳಲ್ಲಿ ಹೆಚ್ಚು ಎಡವೋದು.

ಯುವತಿ: ಇಲ್ಲೇ ನನ್ನ ತಕರಾರು ಇರೋದು ಸರ್. ‘ಖಾತೇ ಮೇಂ’ ಅಂತ ನನಗೆ ಬಂದದ್ದು ಹೇಗೆ? ಮೊಬೈಲಿಗೆ ಬರೋ ಬ್ಯಾಂಕಿನ ದನಿ ಸಂದೇಶ ಕೇಳಿ ಕೇಳಿ. ಅಂದರೆ ಮೊದಲು ಕಿವಿಗೆ ಬಿದ್ದಿತ್ತು, ಆಮೇಲೆ ನಿಮ್ಮ ಪರೀಕ್ಷೆ ಪಾಸಾಯ್ತು. ಕಿವಿಗೆ ಬೀಳದ ಶಬ್ದಕ್ಕೆ ‘ಮೇಂ’ ಹಚ್ಚಿದರೆ ಬಾಗುತ್ತೋ ಇಲ್ಲವೋ ಅಂತ ನನಗೆ ಹೇಗೆ ಗೊತ್ತಾಗಬೇಕು? ಕೇಳಿಸಿಕೊಂಡಿದ್ದರೆ ನಿಯಮ ಬೇಡ. ಕೇಳಿಸಿಕೊಳ್ಳದಿದ್ದರೆ ನಿಯಮ ಕೈಗೆ ಬರಲ್ಲ.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಇಡೀ ಸಂಜೆಯ ಮಾತಿನಲ್ಲಿ ಅತಿ ಗಟ್ಟಿಯಾದ ಪ್ರಶ್ನೆ ಇದೇ ಅಂತ ನನಗೂ ಅನಿಸಿತು.

ಮೇಷ್ಟ್ರು: ನಿನ್ನ ಮಾತು ಅರ್ಧ ಒಪ್ಪಿದೆ. ಆ ಪರೀಕ್ಷೆ ಊಹೆಯನ್ನ ಹುಟ್ಟಿಸಲ್ಲ, ಊಹೆಯನ್ನ ತಾಳೆ ನೋಡುತ್ತೆ. ಆದರೆ ಏನು ಕೇಳಿಸಿಕೊಳ್ಳಬೇಕು ಅಂತ ಗೊತ್ತಿಲ್ಲದವರ ಕಿವಿ ವರ್ಷಗಟ್ಟಲೆ ಅಲ್ಲಿದ್ದರೂ ಅದನ್ನ ಹಿಡಿಯಲ್ಲ. ‘ಖಾತೇ’ ಅನ್ನೋದನ್ನ ಬಹುವಚನ ಇರಬೇಕು ಅಂತ ಬಿಟ್ಟವರು ಎಷ್ಟೋ ಜನ. ಇನ್ನು ಊಹೆಗೆ ಕೇಳೋದು ಬೇಕಿಲ್ಲ ಅನ್ನೋದಕ್ಕೆ ಸಾಕ್ಷಿ ನಮ್ಮ ಊರಲ್ಲೇ ಇದೆ. ಉತ್ತರದಿಂದ ಮೆಡಿಕಲ್ಲು, ಎಂಜಿನಿಯರಿಂಗು ಓದೋಕೆ ಬಂದ ಹುಡುಗರು ಬೆಣ್ಣೆ ದೋಸೆ ಹೋಟೆಲಿನಲ್ಲಿ ಮಾತಾಡೋದನ್ನ ಕೇಳಿದೀಯಾ?

ಯುವತಿ: ಕೇಳಿದೀನಿ. ‘ಡೋಸಾ ಅಚ್ಛಾ ಥಾ, ಚಟ್ನೀ ತೀಖೀ ಥೀ’ ಅಂತಾರೆ.

ಮೇಷ್ಟ್ರು: ದೋಸೆ ನಮ್ಮದು. ಅದಕ್ಕೆ ಲಿಂಗ ಇರಲಿಲ್ಲ, ‘ಅದು’ ಅಷ್ಟೇ. ಹಿಂದಿಗೆ ಹೋದಾಗ ಬಾಲ ‘ಆ’ ಆಯ್ತು, ಕೂಡಲೇ ಡೋಸಾ ಪುಲ್ಲಿಂಗವಾಯ್ತು. ‘ಮೈಂನೇ ಡೋಸಾ ಖಾಯಾ’. ಇಡ್ಲಿಗೆ ‘ಈ’ ಇತ್ತು, ಸ್ತ್ರೀಲಿಂಗವಾಯ್ತು. ‘ಇಡ್ಲೀ ಖಾಯೀ’. ವಡೆ ‘ವಡಾ’ ಆಗಿ ಪುಲ್ಲಿಂಗ. ಇದನ್ನ ಯಾವ ಪಂಡಿತರೂ ಕೂತು ತೀರ್ಮಾನ ಮಾಡಲಿಲ್ಲ. ಹಿಂದಿ ಮಾತಾಡೋ ಸಾಮಾನ್ಯ ಜನ ಬಾಲ ನೋಡಿ ಲಿಂಗ ಕೊಟ್ಟರು. ಬಾಲ ನೋಡಿ ಊಹಿಸೋದು ಪರಭಾಷೆಯವರ ಅಡ್ಡದಾರಿ ಅಲ್ಲ, ಹಿಂದಿಯವರ ನಾಲಿಗೆಯೇ ಹಾಗೆ ಓಡುತ್ತೆ.

ಯುವತಿ: ಅದು ಒಪ್ಪಿದೆ. ಬಾಲವೇ ಇಲ್ಲದ ಶಬ್ದಕ್ಕೆ? ಘರ್ ಗಂಡು, ಕಿತಾಬ್ ಹೆಣ್ಣು. ಕಾನ್ ಗಂಡು, ಅದರ ಪಕ್ಕದಲ್ಲೇ ಇರೋ ನಾಕ್ ಹೆಣ್ಣು, ಆಂಖ್ ಹೆಣ್ಣು. ಬ್ಯಾಂಕಿನಲ್ಲಿ ಚೆಕ್ ಗಂಡು, ರಸೀದ್ ಹೆಣ್ಣು, ಫಾರ್ಮ್ ಗಂಡು, ಫೈಲ್ ಹೆಣ್ಣು, ಕರ್ಜ್ ಗಂಡು, ಕಿಸ್ತ್ ಹೆಣ್ಣು. ವ್ಯಂಜನದಲ್ಲಿ ಮುಗಿಯೋ ಶಬ್ದಕ್ಕೆ ನಿಮ್ಮ ನಿಯಮ ಏನು ಹೇಳುತ್ತೆ?

ಮೇಷ್ಟ್ರು: ಕಾಮತಾಪ್ರಸಾದ್ ಗುರು ಅವರು 1920ರಲ್ಲಿ ಬರೆದ ‘ಹಿಂದೀ ವ್ಯಾಕರಣ’ದಲ್ಲೂ ಪ್ರತ್ಯಯ ಪ್ರತ್ಯಯಕ್ಕೂ ನಿಯಮ, ಅದರ ಹಿಂದೆಯೇ ಅಪವಾದ ಕೊಟ್ಟುಕೊಂಡೇ ಹೋಗ್ತಾರೆ. ಅಷ್ಟೆಲ್ಲ ನಿನಗೆ ಬೇಡ. ಕನ್ನಡದ ಕಡೆಯಿಂದ ಇನ್ನೊಂದು ಗುರುತು ಕೊಡ್ತೀನಿ. ‘ತ್ತು’ ಅಂತ ಮುಗಿಯೋ ನಮ್ಮ ಪೇಟೆ ಶಬ್ದ ಹೇಳು.

ಯುವತಿ: ತಾಕತ್ತು, ಹಿಮ್ಮತ್ತು, ಕಿಮ್ಮತ್ತು, ದೌಲತ್ತು, ಕಸರತ್ತು, ಶರತ್ತು.

ಮೇಷ್ಟ್ರು: ತಾಕತ್, ಹಿಮ್ಮತ್, ಕೀಮತ್, ದೌಲತ್, ಕಸ್ರತ್, ಶರ್ತ್. ಹಿಂದಿಯಲ್ಲಿ ಆರೂ ಸ್ತ್ರೀಲಿಂಗ. ಅರಬ್ಬಿಯಿಂದ ‘ತ್’ ಬಾಲ ಹೊತ್ತು ಬಂದ ಶಬ್ದಗಳು ಹೆಚ್ಚಾಗಿ ಸ್ತ್ರೀಲಿಂಗವೇ. ನಿನಗೆ ದಿನಾ ಬೇಕಾಗೋ ಜಮಾನತ್, ಜರೂರತ್, ಇಜಾಜತ್ ಕೂಡ.

ಯುವತಿ: ದಸ್ಕತ್ತು? ಬ್ಯಾಂಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳೋದು ಅದನ್ನೇ.

ಮೇಷ್ಟ್ರು: ದಸ್ತಖತ್ ಪುಲ್ಲಿಂಗ. ಶರಬತ್ತೂ ಪುಲ್ಲಿಂಗ. ವಕ್ತ್ ಪುಲ್ಲಿಂಗ. ಈ ಮೂರನ್ನ ಬರೆದಿಟ್ಟುಕೋ. ದಸ್ತಖತ್ ಪಾರಸಿಯ ಜೋಡುಶಬ್ದ, ದಸ್ತ್ ಅಂದರೆ ಕೈ, ಖತ್ ಅಂದರೆ ಬರಹ. ಖತ್ ಪುಲ್ಲಿಂಗ, ಅದಕ್ಕೇ ಇಡೀ ಶಬ್ದ ಪುಲ್ಲಿಂಗ. ಅಲ್ಲಿ ‘ತ್’ ಬಾಲವಲ್ಲ, ಶಬ್ದದ ಮೈಯೇ.

ಯುವತಿ: ಚೆಕ್, ಫಾರ್ಮ್, ಫೈಲಿಗೆ ಯಾವ ಗುರುತೂ ಇಲ್ಲವಲ್ಲ.

ಮೇಷ್ಟ್ರು: ಇಂಗ್ಲಿಷಿನಿಂದ ಬಂದವಕ್ಕೆ ಕೆಲವು ಸಲ ನೆಂಟಸ್ತಿಕೆ ನೋಡಿ ಲಿಂಗ ಕೊಟ್ಟಿದಾರೆ. ಪಾಸ್‌ಬುಕ್ ಸ್ತ್ರೀಲಿಂಗ, ಯಾಕಂದರೆ ಕಿತಾಬ್ ಸ್ತ್ರೀಲಿಂಗ. ಕಾರ್, ಬಸ್, ಟ್ರೇನ್ ಸ್ತ್ರೀಲಿಂಗ, ಯಾಕಂದರೆ ಗಾಡೀ ಸ್ತ್ರೀಲಿಂಗ. ‘ಕಂಪನೀ’ಗೆ ‘ಈ’ ಬಾಲವೇ ಸಾಕಾಯ್ತು. ಫೈಲ್, ಫಾರ್ಮ್ ವಿಷಯದಲ್ಲಿ ನಿನ್ನ ಕಿವಿಯೇ ಗುರು, ಅದನ್ನ ನಾನು ಒಪ್ತೀನಿ. ಆದರೆ ಕಿವಿ ಎಲ್ಲಿಡಬೇಕು ಅಂತ ಮತ್ತೆ ನಿಯಮವೇ ಹೇಳಬೇಕು. ಬಹುವಚನದ ಹತ್ತಿರ ಇಡು. ‘ದೋ ಚೆಕ್’, ‘ದೋ ಫಾರ್ಮ್’. ಏನೂ ಬದಲಾಗಲಿಲ್ಲ, ಪುಲ್ಲಿಂಗ. ‘ದೋ ರಸೀದೇಂ’, ‘ತೀನ್ ಕಿಸ್ತೇಂ’, ‘ಫೈಲೇಂ’. ಕೊನೆಯಲ್ಲಿ ‘ಏಂ’ ಬಂತು, ಸ್ತ್ರೀಲಿಂಗ. ಎರಡು, ಮೂರು ಅಂತ ಎಣಿಸೋ ಕಡೆಯೆಲ್ಲ ಲಿಂಗ ತಾನಾಗಿ ಹೊರಗೆ ಬರುತ್ತೆ. ಬ್ಯಾಂಕಿನಲ್ಲಿ ಎಣಿಸದೆ ಯಾವ ಕೆಲಸವೂ ಆಗಲ್ಲ.

ಯುವತಿ: ನಮ್ಮ ಊರಿನಲ್ಲಿ ಆ ಗುರುತೂ ಕೆಲಸ ಮಾಡಲ್ಲ ಸರ್. ಇಲ್ಲಿ ಮುಸ್ಲಿಂ ಗೆಳತಿಯರ ಮನೆಯಲ್ಲಿ ನಾನು ಕೇಳಿ ಬೆಳೆದದ್ದು ದಖ್ಖನಿ. ಅಲ್ಲಿ ‘ಕಿತಾಬಾಂ’, ‘ಘರಾಂ’, ‘ಲೋಗಾಂ’. ಗಂಡು ಹೆಣ್ಣು ಎರಡಕ್ಕೂ ಅದೇ ‘ಆಂ’. ‘ಮೈಂನೇ ರೋಟೀ ಖಾಯೀ’ ಅನ್ನಲ್ಲ, ಗಂಡಸು ‘ಮೈಂ ರೋಟೀ ಖಾಯಾ’ ಅಂತಾನೆ. ಎಲ್ಲರಿಗೂ ಅರ್ಥ ಆಗುತ್ತೆ, ವ್ಯಾಪಾರ ನಡೆಯುತ್ತೆ, ಮದುವೆ ಮಾತುಕತೆನೂ ನಡೆಯುತ್ತೆ. ಅಷ್ಟಕ್ಕೂ ಈ ಲಿಂಗದ ಕಾಟ ಯಾಕೆ ಬೇಕು?

ಮೇಷ್ಟ್ರು: ದಖ್ಖನಿಯನ್ನ ತಪ್ಪು ಹಿಂದಿ ಅಂತ ನಾನು ಯಾವತ್ತೂ ಹೇಳಲ್ಲ. ಅದಕ್ಕೆ ಅದರದೇ ವ್ಯಾಕರಣ ಇದೆ, ನೂರಾರು ವರ್ಷ ಕನ್ನಡ, ತೆಲುಗು, ಮರಾಠಿಗಳ ಜೊತೆ ಬದುಕಿದ ಭಾಷೆ. ಆದರೆ ನೀನು ಹೋಗ್ತಿರೋದು ಭೋಪಾಲಿಗೆ. ಅಲ್ಲಿ ಪತ್ರ ಬರೀಬೇಕು, ದೂರಿಗೆ ಉತ್ತರ ಕೊಡಬೇಕು. ನೀನು ಈಗ ಹೇಳಿದ ‘ನೇ’ ಇದೆಯಲ್ಲ, ನಮ್ಮ ಹೆಣ್ಣುಮಕ್ಕಳು ಅದರಲ್ಲೇ ಹೆಚ್ಚು ಸಿಕ್ಕಿಕೊಳ್ಳೋದು. ‘ನಾನು ಫಾರ್ಮ್ ತುಂಬಿದೆ’ ಅನ್ನು.

ಯುವತಿ: ನಾನು ಹೆಂಗಸು, ಅದಕ್ಕೆ ‘ಮೈಂನೇ ಫಾರ್ಮ್ ಭರೀ’.

ಮೇಷ್ಟ್ರು: ಅಲ್ಲ. ‘ಮೈಂನೇ ಫಾರ್ಮ್ ಭರಾ’. ‘ನೇ’ ಬಂದ ಕೂಡಲೇ ಕ್ರಿಯಾಪದ ಮಾಡಿದವರ ಕೈಬಿಟ್ಟು ಕರ್ಮದ ಕೈಹಿಡಿಯುತ್ತೆ. ಫಾರ್ಮ್ ಪುಲ್ಲಿಂಗ, ಅದಕ್ಕೆ ‘ಭರಾ’. ‘ಮೈಂನೇ ರಸೀದ್ ದೀ’ ಅಂತ ಗಂಡಸೂ ಅನ್ನಬೇಕು, ಯಾಕಂದರೆ ರಸೀದ್ ಸ್ತ್ರೀಲಿಂಗ. ‘ನೇ’ ಇಲ್ಲದ ಕಡೆ ನೀನು ಹೇಳಿದ್ದು ಸರಿ: ‘ಮೈಂ ಆಯೀ’, ‘ಮೈಂ ಜಾತೀ ಹೂಂ’, ‘ಮೈಂ ಫಾರ್ಮ್ ಲಾಯೀ’. ಲಾನಾ ಕ್ರಿಯಾಪದಕ್ಕೆ ‘ನೇ’ ಬರಲ್ಲ.

ಯುವತಿ: ಇದು ಇನ್ನೂ ವಿಚಿತ್ರ. ಕನ್ನಡದಲ್ಲಿ ‘ನಾನು ಹೋಗ್ತೀನಿ’ ಅಂದರೆ ಹೇಳಿದವರು ಗಂಡೋ ಹೆಣ್ಣೋ ಗೊತ್ತಾಗಲ್ಲ. ‘ಅವನು’, ‘ಅವಳು’ ಅಂದಾಗ ಗೊತ್ತಾಗುತ್ತೆ. ಹಿಂದಿಯಲ್ಲಿ ‘ವಹ್’ ಅಂದರೆ ಗೊತ್ತಾಗಲ್ಲ, ‘ಮೈಂ ಜಾತೀ ಹೂಂ’ ಅಂದರೆ ಗೊತ್ತಾಗುತ್ತೆ. ನಾವು ಮುಚ್ಚಿದ್ದನ್ನ ಅವರು ತೆರೀತಾರೆ, ನಾವು ತೆರೆದದ್ದನ್ನ ಅವರು ಮುಚ್ತಾರೆ.

ಮೇಷ್ಟ್ರು: ಚೆನ್ನಾಗಿ ಗಮನಿಸಿದೆ. ಅದರ ಜೊತೆ ‘ಕಾ–ಕೀ’ ಕೂಡ ಸೇರಿಸಿಕೋ. ಕನ್ನಡದವರು ‘ಸೀತಾ ಕೀ ಭಾಈ’ ಅಂತಾರೆ, ಸೀತೆ ಹೆಣ್ಣು ಅಂತ. ಅಲ್ಲಿ ಲೆಕ್ಕಕ್ಕೆ ಬರೋದು ಯಾರದು ಅನ್ನೋದಲ್ಲ, ಏನು ಅನ್ನೋದು. ‘ಸೀತಾ ಕಾ ಭಾಈ’, ‘ರಾಮ್ ಕೀ ಬಹನ್’.

ಯುವತಿ: ಅದರಿಂದಲೇ ನಾನೊಂದು ದಾರಿ ಮಾಡಿಕೊಂಡಿದೀನಿ. ಯಾವ ಶಬ್ದವನ್ನೂ ಒಂಟಿಯಾಗಿ ಕಲಿಯಲ್ಲ. ‘ಫೈಲ್’ ಅಂತ ಬರೆಯಲ್ಲ, ‘ಪುರಾನೀ ಫೈಲ್’ ಅಂತ ಬರೀತೀನಿ. ‘ಚೆಕ್’ ಅಲ್ಲ, ‘ಪುರಾನಾ ಚೆಕ್’. ‘ಲಾಲ್’, ‘ಸುಂದರ್’ ಅಂಥ ವಿಶೇಷಣ ಬದಲಾಗಲ್ಲ, ಅವು ಉಪಯೋಗಕ್ಕಿಲ್ಲ. ‘ಆ’ದಲ್ಲಿ ಮುಗಿಯೋ ವಿಶೇಷಣವೇ ಬೇಕು, ಪುರಾನಾ, ನಯಾ, ಛೋಟಾ ಥರದ್ದು. ಇದಕ್ಕೆ ಶಬ್ದದ ಮೂಲ ಬೇಡ, ಅಪವಾದದ ಪಟ್ಟಿ ಬೇಡ. ‘ಠಂಡಾ ಪಾನೀ’ ಅಂತ ಕಲಿತರೆ ಪಾನೀ ಅಪವಾದ ಅಂತ ನೆನಪಿಡೋದೇ ಬೇಡ.

ಮೇಷ್ಟ್ರು: ನೂರು ಶಬ್ದಕ್ಕೆ ಅದು ಸಾಕು. ಸಾವಿರ ಶಬ್ದಕ್ಕೆ ಸಾಲದು. ಭೋಪಾಲಿನಲ್ಲಿ ಮೊದಲ ದಿನವೇ ಹೊಸ ಶಬ್ದ ಬರುತ್ತೆ, ನಿನ್ನ ಪಟ್ಟಿಯಲ್ಲಿ ಇಲ್ಲದ್ದು. ಆಗ ಬಾಯಿ ಮುಚ್ಚಿಕೊಂಡು ಕೂರ್ತೀಯಾ, ಇಲ್ಲ ಊಹೆ ಮಾಡ್ತೀಯಾ?

ಯುವತಿ: ಊಹೆ ಮಾಡ್ತೀನಿ. ಆದರೆ ಊಹೆ ತಪ್ಪಾದರೂ ಅಲ್ಲಿಯವರು ತಿದ್ದಿ ಹೇಳ್ತಾರೆ. ಹೆಚ್ಚು ಮಾತಾಡಿದಷ್ಟೂ ಹೆಚ್ಚು ತಿದ್ದುತ್ತಾರೆ.

ಮೇಷ್ಟ್ರು: ತಿದ್ದಲ್ಲಮ್ಮ. ದೊಡ್ಡ ಅಧಿಕಾರಿಯನ್ನ ಯಾರು ತಿದ್ದುತ್ತಾರೆ? ಮರ್ಯಾದೆಗೆ ಸುಮ್ಮನಿರ್ತಾರೆ. ನೀನು ‘ನಯಾ ಫೈಲ್’ ಅಂದರೆ ಅವರು ಉತ್ತರ ಕೊಡುವಾಗ ‘ಜೀ, ನಯೀ ಫೈಲ್ ಮೇಜ್ ಪರ್ ರಖೀ ಹೈ’ ಅಂತಾರೆ. ಆ ‘ನಯೀ’, ಆ ‘ರಖೀ’ ಎರಡನ್ನೂ ನೀನೇ ಕೇಳಿಸಿಕೊಳ್ಳಬೇಕು. ತಿದ್ದುಪಡಿ ಬರೋದು ಹಾಗೆ.

ಯುವತಿ: ಹಿಂದಿಯವರಲ್ಲೇ ಒಮ್ಮತ ಇಲ್ಲದ ಶಬ್ದಗಳಿಗೆ?

ಮೇಷ್ಟ್ರು: ಇವೆ. ದಹೀ ನಿಘಂಟಿನಲ್ಲಿ ಪುಲ್ಲಿಂಗ, ‘ದಹೀ ಖಟ್ಟಾ ಹೈ’. ಆದರೆ ಬಿಹಾರದಲ್ಲಿ, ಪೂರ್ವ ಉತ್ತರ ಪ್ರದೇಶದಲ್ಲಿ ‘ದಹೀ ಖಟ್ಟೀ ಹೈ’ ಅನ್ನೋರು ಬೇಕಾದಷ್ಟು ಜನ. ಬಾಲದ ‘ಈ’ ಅವರನ್ನೂ ಎಳೀತು. ಕಲಮ್ ಕೂಡ ಎರಡೂ ರೀತಿ ಕೇಳಿಸುತ್ತೆ. ನೋಡು, ಅಪವಾದ ಅಂತ ನಾವು ಬಾಯಿಪಾಠ ಮಾಡಿದ್ದನ್ನ ಅಲ್ಲಿಯ ಜನವೇ ನಿಯಮಕ್ಕೆ ಎಳೆದು ತರ್ತಾ ಇದಾರೆ.

ಯುವತಿ: ಇಲ್ಲ, ಜನ ಕಿವಿಗೆ ಬಂದಂತೆ ಆಡ್ತಾರೆ, ನಿಯಮ ಆಮೇಲೆ ಅವರ ಹಿಂದೆ ಓಡುತ್ತೆ ಅಂತಲೂ ಅದನ್ನ ಓದಬಹುದು.

ಇಬ್ಬರೂ ಅಲ್ಲಿಗೆ ನಿಲ್ಲಿಸಿದರು. ಯುವತಿ ಏಳುವ ಮೊದಲು ಚೀಟಿಯೊಂದರಲ್ಲಿ ಬರೆದುಕೊಂಡ ವಾಕ್ಯವನ್ನು ನಾನು ನೋಡಿದೆ: ‘ಆಪ್‌ಕಾ ಖಾತಾ ದೂಸರೀ ಶಾಖಾ ಮೇಂ ಹೈ’. ಖಾತಾ, ಶಾಖಾ ಎರಡರ ಕೆಳಗೂ ಗೆರೆ ಎಳೆದಿದ್ದರು.

ನಮ್ಮ ಶಾಲೆಗಳ ಹಿಂದಿ ಶಿಕ್ಷಕರಲ್ಲಿ ಒಂದು ವಿನಂತಿ. ಘೋಡಾ–ಘೋಡೀ ಸಾಕು. ಮುಂದಿನ ಪಾಠದಲ್ಲಿ ಜೀವ ಇಲ್ಲದ ವಸ್ತುಗಳ ಹೆಸರು ಕೊ‌ಡಿ. ಭಾಷೆ–ಭಾಷಾ, ಜಿಲ್ಲೆ–ಜಿಲಾ, ತಾಕತ್ತು–ತಾಕತ್ ಎಂದು ಕನ್ನಡದ ರೂಪವನ್ನು ಪಕ್ಕದಲ್ಲೇ ಬರೆಸಿ. ಒಂದಕ್ಕೆ ‘ನಯಾ’ ಅಥವಾ ‘ನಯೀ’ ಸೇರಿಸಲು ಹೇಳಿ, ಇನ್ನೊಂದಕ್ಕೆ ‘ಮೇಂ’ ಹಚ್ಚಿ ಬಾಗುತ್ತದೆಯೋ ಇಲ್ಲವೋ ನೋಡಲು ಹೇಳಿ.